ರಸ್ತೆ ಗುಂಡಿಯಲ್ಲಿ ಕಂಪನಿಯ ಹೆಸರು

ಜಾಹೀರಾತಿನ ಮಳೆಗೂ ಆಕಾಶದ ಮಳೆಗೂ ನೆಂಟಸ್ತಿಕೆಯೇ ಇಲ್ಲ. ಆಕಾಶದ ಮಳೆ ನಿಮ್ಮನ್ನು ಒದ್ದೆ ಮಾಡುತ್ತದೆ, ಆದರೆ ರಾತ್ರಿ ಹೊತ್ತು ಕ್ಯಾಮೆರಾಗೆ ಸರಿಯಾಗಿ ಕಾಣುವುದಿಲ್ಲ. ಜಾಹೀರಾತಿನ ಮಳೆ ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತದೆ, ನಿಮ್ಮನ್ನು ಇನ್ನೂ ಜಾಸ್ತಿ ಒದ್ದೆ ಮಾಡುತ್ತದೆ. ನಾನು ಜಾಹೀರಾತು ಚಿತ್ರಗಳಲ್ಲಿ ಸಹಾಯಕ ನಿರ್ದೇಶಕ. ಕೊಡೆ ಯಾರ ತಲೆಯ ಮೇಲಿರಬೇಕು ಅಂತ ಹೇಳುವುದು ನನ್ನ ಕೆಲಸ. ಆ ಪಟ್ಟಿಯಲ್ಲಿ ನನ್ನ ತಲೆ ಯಾವತ್ತೂ ಬರುವುದಿಲ್ಲ.

ಈ ಸಲದ್ದು ಒಂದು ಮೊಬೈಲ್ ನೆಟ್‌ವರ್ಕ್ ಕಂಪನಿಯ ಜಾಹೀರಾತು. ಹೆಸರು ಬೇಡ. ಇಪ್ಪತ್ತು ಸೆಕೆಂಡಿನ ಚಿತ್ರ. ರಾತ್ರಿ, ಧೋ ಅಂತ ಮಳೆ, ನಗರದ ಬೀದಿ, ಎರಡೂ ಕಡೆ ಬಣ್ಣಬಣ್ಣದ ನಿಯಾನ್ ಬೋರ್ಡುಗಳು. ಪಾರದರ್ಶಕ ಕೊಡೆ ಹಿಡಿದ ಹುಡುಗಿ ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಾ ನಡೆದು ಬರುತ್ತಾಳೆ. ಮಳೆ ನಿಲ್ಲುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಕೊನೆಯ ಶಾಟ್ ಬಗ್ಗೆ ಸ್ಕ್ರಿಪ್ಟಿನಲ್ಲಿ ಒಂದೇ ಸಾಲಿತ್ತು: 'ರಸ್ತೆ ಗುಂಡಿಯ ನೀರಿನಲ್ಲಿ ಕಂಪನಿಯ ಹೆಸರೂ ಐದು ಸಿಗ್ನಲ್ ಗೀಟುಗಳೂ ಹೊಳೆಯುತ್ತವೆ.' ಎಸಿ ರೂಮಿನಲ್ಲಿ ಕೂತು ಇಂಥ ಸಾಲು ಬರೆಯಲು ಎರಡು ನಿಮಿಷ ಸಾಕು.

ಮಳೆಯಲ್ಲೂ ಮಾತು ನಿಲ್ಲಲ್ಲ ಅನ್ನುವುದರ ಒಳಗುಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಫೋನುಗಳು ಬಹುಪಾಲು ಬಳಸುವುದು 700 ಮೆಗಾಹರ್ಟ್ಸ್‌ನಿಂದ 3.5 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆಗಳನ್ನು. ಈ ಅಲೆಗಳ ಉದ್ದ ಎಂಟೊಂಬತ್ತು ಸೆಂಟಿಮೀಟರಿನಿಂದ ನಲವತ್ತು ಸೆಂಟಿಮೀಟರ್ ದಾಟುವವರೆಗೂ ಇರುತ್ತದೆ. ಮಳೆಹನಿಯ ಗಾತ್ರ ಒಂದೆರಡು ಮಿಲಿಮೀಟರ್. ಅಷ್ಟು ದೊಡ್ಡ ಅಲೆ ಇಷ್ಟು ಪುಟ್ಟ ಹನಿಯನ್ನು ಗಮನಿಸುವುದೇ ಇಲ್ಲ. ಸುಮಾರು 10 ಗಿಗಾಹರ್ಟ್ಸ್ ದಾಟಿದ ಮೇಲಷ್ಟೇ ಮಳೆಯ ಕಾಟ ಜೋರಾಗುವುದು. ಜೋರು ಮಳೆಗೆ ಡಿಶ್ ಟಿವಿ ಕೈಕೊಡುವುದು ಅದಕ್ಕೇ. ಅಂದರೆ ನಮ್ಮ ಕಂಪನಿ ಎದೆ ತಟ್ಟಿಕೊಳ್ಳುತ್ತಿದ್ದ ಗುಣ ಎದುರಾಳಿ ಕಂಪನಿಗೂ ಪುಕ್ಕಟೆಯಾಗಿ ಸಿಕ್ಕಿತ್ತು. ಮಳೆಗೆ ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಏನು ಗತಿ? ಆ ಶಾಟ್ ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

ಮೊದಲು ಮಳೆ ತರಿಸಬೇಕಲ್ಲ. ಎತ್ತರದ ಸ್ಟ್ಯಾಂಡುಗಳ ಮೇಲೆ ತೂತು ತೂತಿನ ಪೈಪು ಕಟ್ಟಿ, ಟ್ಯಾಂಕರಿನಿಂದ ಪಂಪ್ ಮಾಡಿ ನೀರು ಬಿಡುತ್ತಾರೆ. ಹನಿ ದಪ್ಪಗೆ ಬೀಳಬೇಕು. ಅದಕ್ಕಿಂತ ಮುಖ್ಯವಾದದ್ದು ಬೆಳಕು. ದೊಡ್ಡ ಲೈಟು ಮಳೆಯ ಹಿಂದೆ ಇರಬೇಕು, ಅಂದರೆ ಕ್ಯಾಮೆರಾ ಕಡೆಗೆ ಮುಖ ಮಾಡಿರಬೇಕು. ಆಗ ಒಂದೊಂದು ಹನಿಯೂ ಬೆಳಕನ್ನು ಬಗ್ಗಿಸಿ ಕ್ಯಾಮೆರಾಗೆ ಕಳಿಸುತ್ತದೆ. ಹಿನ್ನೆಲೆ ಕತ್ತಲಾಗಿದ್ದರೆ ಹನಿಗಳು ಬೆಳ್ಳಿಗೆರೆಗಳಾಗಿ ಎದ್ದು ಕಾಣುತ್ತವೆ. ಅದೇ ಲೈಟನ್ನು ಕ್ಯಾಮೆರಾ ಪಕ್ಕದಿಂದ ಹೊಡೆದು ನೋಡಿ, ಮಳೆ ಮಾಯ. ಹುಡುಗಿ ಯಾಕೋ ಸುಮ್ನೆ ಕೊಡೆ ಹಿಡಿದು ಹೋಗುತ್ತಿದ್ದಾಳೆ ಅನ್ನಿಸುತ್ತದೆ.

ಇದು ಗೊತ್ತಿಲ್ಲದವರಿಗೆ ನಮ್ಮ ಕೆಲಸ ಹುಚ್ಚಾಟ ಅನ್ನಿಸುತ್ತದೆ. ಆ ರಾತ್ರಿ ಹತ್ತು ಗಂಟೆಗೆ ನಿಜವಾದ ಮಳೆಯೇ ಬಂತು. ನಿರ್ದೇಶಕರು ಆಕಾಶ ನೋಡಿ ಬೈದರು. ನಾನು "ಮಳೆ ಬಂತು, ಶೂಟಿಂಗ್ ನಿಲ್ಲಿಸಿ" ಅಂತ ಕೂಗಿದೆ. ಎಲ್ಲರೂ ಲೈಟುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ, ಟ್ಯಾಂಕರಿನ ಪಂಪ್ ಆರಿಸಿ, ಬಾಗಿಲು ಮುಚ್ಚಿದ ಅಂಗಡಿಗಳ ಸೂರಿನ ಕೆಳಗೆ ನಿಂತೆವು. ಅಲ್ಲೇ ಮಳೆಗೆ ನಿಂತಿದ್ದ ದಾರಿಹೋಕರೊಬ್ಬರು ನನ್ನನ್ನು ಕೇಳಿದರು.

"ಏನು ಶೂಟಿಂಗ್ ಸಾರ್?"

"ಮಳೆ ಸೀನು."

ಅವರು ಮಳೆ ನೋಡಿದರು, ಟ್ಯಾಂಕರ್ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮುಂದೇನೂ ಕೇಳಲಿಲ್ಲ. ಸ್ವಲ್ಪ ದೂರ ಸರಿದು ನಿಂತರು.

ಮಳೆ ನಿಂತ ಮೇಲೆ ಬೀದಿ ಚೆಂದವಾಗಿ ಹೊಳೆಯುತ್ತಿತ್ತು, ಟ್ಯಾಂಕರ್ ನೀರು ಸ್ವಲ್ಪ ಉಳಿಯಿತು. ಒಣಗಿದ ಡಾಂಬರು ರಾತ್ರಿಯ ಬೆಳಕನ್ನೆಲ್ಲ ನುಂಗಿ ಕೂರುತ್ತದೆ. ಎಷ್ಟು ಲೈಟ್ ಹಾಕಿದರೂ ಚಿತ್ರದ ಕೆಳಗಿನ ಅರ್ಧ ಕಪ್ಪಗೆ ಸತ್ತಿರುತ್ತದೆ. ಅದರ ಮೇಲೆ ನೀರು ಚೆಲ್ಲಿದರೆ ಅದೇ ರಸ್ತೆ ಬೋರ್ಡುಗಳ ಕೆಂಪು, ನೀಲಿ, ಹಸಿರನ್ನೆಲ್ಲ ವಾಪಸ್ ಕೊಡುತ್ತದೆ. ಮಳೆಯ ಕಥೆಯೇ ಇಲ್ಲದ ರಾತ್ರಿ ದೃಶ್ಯಕ್ಕೂ ರಸ್ತೆ ತೊಳೆಸುವ ಛಾಯಾಗ್ರಾಹಕರು ಇದ್ದಾರೆ. ನೋಡುವವರು ಆಗ ತಾನೇ ಮಳೆ ಬಂದು ಹೋಗಿರಬೇಕು ಅಂದುಕೊಳ್ಳುತ್ತಾರೆ, ಇಲ್ಲ ಏನೂ ಅಂದುಕೊಳ್ಳುವುದಿಲ್ಲ.

ನಮ್ಮ ಕ್ಯಾಮೆರಾಮನ್ ಹಿರಿಯರು. ಬಂದವರೇ ನೆಲಕ್ಕೆ ಬೋರಲು ಬೀಳುವಷ್ಟು ಬಗ್ಗಿ ನೋಡಿದರು. ಯಾಕೆ ಅಂತ ಕೇಳಿದ್ದಕ್ಕೆ, ನಿಂತು ನೋಡಿದರೆ ನೀರು ಜಿಪುಣ, ಮಲಗಿ ನೋಡಿದರೆ ಧಾರಾಳಿ ಅಂದರು. ಅದು ನಿಜ. ನೇರ ಮೇಲಿನಿಂದ ನೋಡಿದಾಗ ನೀರು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲನ್ನು ಮಾತ್ರ ಪ್ರತಿಫಲಿಸುತ್ತದೆ. ನೋಟ ನೀರಿನ ಮಟ್ಟಕ್ಕೆ 10 ಡಿಗ್ರಿಯಷ್ಟು ತಗ್ಗಿದರೆ ಮೂರನೇ ಒಂದು ಭಾಗ ಸಿಗುತ್ತದೆ. 5 ಡಿಗ್ರಿಗೆ ಇಳಿದರೆ ಅರ್ಧಕ್ಕಿಂತ ಜಾಸ್ತಿ. ಹಾಗಾಗಿ ಕ್ಯಾಮೆರಾ ನೆಲಕ್ಕೆ ಇಳಿಯಲೇಬೇಕು. ಕ್ಯಾಮೆರಾ ಇಳಿದರೆ ಕ್ಯಾಮೆರಾಮನ್ನೂ ಇಳಿಯಬೇಕು. ಅವರಿಗೆ ಒಂದು ರಬ್ಬರ್ ಚಾಪೆ ಹಾಸಿಕೊಟ್ಟೆವು. ನೀರು ಚಾಪೆಯ ಮೇಲೆ ಹರಿದು ಅವರ ಅಂಗಿಯೊಳಗೆ ಸೇರಿತು.

ಬೋರ್ಡ್ ಎಲ್ಲಿ ಕಟ್ಟಬೇಕು ಅನ್ನುವುದಕ್ಕೂ ಇದೇ ಲೆಕ್ಕ. ಲೆನ್ಸ್ ನೆಲದಿಂದ 30 ಸೆಂಟಿಮೀಟರ್ ಮೇಲಿದೆ, ಬೋರ್ಡ್ 3 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. 10 ಡಿಗ್ರಿಯಲ್ಲಿ ಪ್ರತಿಬಿಂಬ ಬೇಕಾದರೆ ಗುಂಡಿ ಕ್ಯಾಮೆರಾದಿಂದ 1.7 ಮೀಟರ್ ದೂರ ಇರಬೇಕು, ಬೋರ್ಡ್ ಗುಂಡಿಯಿಂದ 17 ಮೀಟರ್ ಆಚೆ ಇರಬೇಕು. ಬೋರ್ಡನ್ನು ಹತ್ತಿರ ತಂದರೆ ಕ್ಯಾಮೆರಾ ಎತ್ತರಿಸಬೇಕಾಗುತ್ತದೆ, ಆಗ ಪ್ರತಿಬಿಂಬ ಮಂಕಾಗುತ್ತದೆ. ಈ ಹದಿನೇಳು ಮೀಟರನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಆರ್ಟ್ ವಿಭಾಗದ ಹುಡುಗರು ಏಣಿ ಹೊತ್ತು ಓಡಾಡಿದ್ದು ಇದೇ ದೂರ.

ಎಲ್ಲ ಲೆಕ್ಕವೂ ಸರಿಯಾಯಿತು. ಗುಂಡಿ ಮಾತ್ರ ಇರಲಿಲ್ಲ.

ಲೊಕೇಶನ್ ಮ್ಯಾನೇಜರ್ ಊರೆಲ್ಲ ಹುಡುಕಿ ಒಳ್ಳೆಯ ರಸ್ತೆ ಆರಿಸಿದ್ದರು. ನೀರು ಬಿದ್ದ ಕೂಡಲೇ ಶಿಸ್ತಾಗಿ ಚರಂಡಿಗೆ ಹರಿದು ಹೋಗುತ್ತಿತ್ತು. ಒದ್ದೆ ಡಾಂಬರಿನ ಮೇಲೆ ಬಣ್ಣವೇನೋ ಬರುತ್ತದೆ, ಆದರೆ ಅಕ್ಷರ ಬರುವುದಿಲ್ಲ. ಡಾಂಬರಿನಲ್ಲಿ ಸಾವಿರಾರು ಸಣ್ಣ ಉಬ್ಬುತಗ್ಗುಗಳು. ಒಂದೊಂದೂ ಒಂದೊಂದು ಕಡೆಗೆ ಬಾಗಿದ ಚೂರು ಕನ್ನಡಿ. ಹೀಗಾಗಿ ಬೋರ್ಡಿನ ಕೆಂಪು ಬೆಳಕು ಕ್ಯಾಮೆರಾ ಕಡೆಗೆ ಉದ್ದನೆಯ ಪಟ್ಟಿಯಾಗಿ ಹರಿದು ಬರುತ್ತದೆ, ಒದ್ದೆ ಕುಂಚದಿಂದ ಬಣ್ಣ ಎಳೆದ ಹಾಗೆ. ನೋಡಲು ಸೊಗಸು, ಓದಲು ಏನೂ ಇಲ್ಲ. ಓದುವ ಹಾಗಿರಬೇಕಾದರೆ ಆ ಉಬ್ಬುತಗ್ಗು ಮುಳುಗುವಷ್ಟು ನಿಂತ ನೀರು ಬೇಕು.

"ಇಷ್ಟು ಒಳ್ಳೆ ರಸ್ತೆ ಯಾಕ್ರೀ ನೋಡಿದ್ರಿ?" ಅಂತ ನಿರ್ದೇಶಕರು ಲೊಕೇಶನ್ ಮ್ಯಾನೇಜರಿಗೆ ಬೈದರು. ಆ ಮನುಷ್ಯ ಇಷ್ಟು ವರ್ಷದ ವೃತ್ತಿಯಲ್ಲಿ ಎಂಥೆಂಥದ್ದೋ ಬೈಗುಳ ತಿಂದಿದ್ದರು. ಇದು ಹೊಸದಾಗಿತ್ತು.

ಕೊನೆಗೆ ಗುಂಡಿಯನ್ನು ನಾವೇ ಮಾಡಿದೆವು. ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಜಲ್ಲಿಪುಡಿ ಮತ್ತು ಕಪ್ಪು ಮಣ್ಣಿನ ಸಣ್ಣ ಒಡ್ಡು ಕಟ್ಟಿ, ಬೆರಳಿನಷ್ಟು ಆಳ ನೀರು ನಿಲ್ಲಿಸಿದರು. ತಳ ಕಪ್ಪಗಿರಬೇಕು ಅನ್ನುವುದು ಇಲ್ಲಿನ ಮುಖ್ಯ ಸಂಗತಿ. ತಳ ತಿಳಿ ಬಣ್ಣದ್ದಾದರೆ ಕೆಳಗಿನಿಂದ ಬರುವ ಬೆಳಕು ಮೇಲಿನ ಪ್ರತಿಬಿಂಬದ ಜೊತೆ ಕಲಸಿಕೊಂಡು ಬಣ್ಣ ತೆಳುವಾಗುತ್ತದೆ. ಗುಂಡಿ ಬಹಳ ಅಂದವಾಗಿ ಬಂತು. ಮಾರ್ಕೆಟಿಂಗ್ ಮೇಡಂ ಬಂದು ನೋಡಿ, ಸ್ವಲ್ಪ ಜಾಸ್ತಿ ದುಂಡಗಿದೆ, ಸಹಜವಾಗಿಲ್ಲ ಅಂದರು. ಪಕ್ಕದಲ್ಲಿದ್ದ ಏಜೆನ್ಸಿಯವರು "ನೋ ಪ್ರಾಬ್ಲಮ್ ಮೇಡಂ" ಅಂದರು. ಅವರು ಆ ರಾತ್ರಿ ಆಡಿದ್ದು ಹೆಚ್ಚು ಕಡಿಮೆ ಅದೊಂದೇ ಮಾತು. ಪ್ರಾಬ್ಲಮ್ ಪ್ರತಿ ಸಲವೂ ಅವರಿಂದ ಹೊರಟು ನೇರ ನಮ್ಮ ಹತ್ತಿರ ಬರುತ್ತಿತ್ತು.

ಈಗ ಬೋರ್ಡ್ ಹಚ್ಚಿದರು. ಹೆಸರಿಗೆ ನಿಯಾನ್, ಒಳಗೆ ಎಲ್‌ಇಡಿ. ನಿಜವಾದ ನಿಯಾನ್ ಗಾಜಿನ ಕೊಳವೆಗಳಿಗೆ ಸಾವಿರಾರು ವೋಲ್ಟ್ ಬೇಕು. ನಾವೇ ನೀರು ಸುರಿಯುವ ಜಾಗದಲ್ಲಿ ಅದನ್ನು ತಂದಿಡಲು ನಮ್ಮ ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. ಅದಕ್ಕೆ ಪಾರದರ್ಶಕ ಅಕ್ರಿಲಿಕ್ ಹಲಗೆಯ ಮೇಲೆ, 12 ವೋಲ್ಟಿನಲ್ಲಿ ಉರಿಯುವ ಸಿಲಿಕೋನ್ ಪಟ್ಟಿಯನ್ನು ಅಕ್ಷರದ ಆಕಾರಕ್ಕೆ ಬಗ್ಗಿಸಿ ಕೂರಿಸಿದ್ದರು. ಮೇಲೆ ಕಂಪನಿಯ ಹೆಸರು, ಪಕ್ಕದಲ್ಲಿ ಗಿಡ್ಡದಿಂದ ಉದ್ದಕ್ಕೆ ಐದು ಸಿಗ್ನಲ್ ಗೀಟುಗಳು. ಗುಂಡಿಯಲ್ಲಿ ಅದರ ಬಿಂಬ ಬಿತ್ತು. ಬೋರ್ಡಿಗಿಂತ ಬಿಂಬವೇ ಚೆಂದ. ಇದು ಕವಿಯ ಮಾತಲ್ಲ, ಕ್ಯಾಮೆರಾದ ಮಾತು. ಬೋರ್ಡ್ ತುಂಬಾ ಪ್ರಖರವಾಗಿರುವುದರಿಂದ ಕ್ಯಾಮೆರಾಗೆ ಅದರ ನಡುಭಾಗ ಬಿಳಿಯಾಗಿ ಸುಟ್ಟು ಹೋಗುತ್ತದೆ. ನೀರಿನಲ್ಲಿ ಬೆಳಕು ಮೂರನೇ ಒಂದಕ್ಕೆ ಇಳಿದಿರುವುದರಿಂದ ನಿಜವಾದ ಬಣ್ಣ ಉಳಿಯುತ್ತದೆ.

ಎಲ್ಲರೂ ಮಾನಿಟರಿನ ಮುಂದೆ ಸೇರಿ ಆಹಾ ಅಂದೆವು. ಮೇಡಂ ಮಾತ್ರ ತಲೆ ಓರೆ ಮಾಡಿದರು. ಇನ್ನಷ್ಟು ಓರೆ ಮಾಡಿದರು.

"ಇದು ತಲೆಕೆಳಗಾಗಿದೆ."

ಪ್ರತಿಬಿಂಬ ಅಲ್ವಾ ಮೇಡಂ, ಹಾಗೇ ಇರುತ್ತದೆ ಅಂತ ನಿರ್ದೇಶಕರು ಮೆಲ್ಲಗೆ ಹೇಳಿದರು.

"ಪ್ರತಿಬಿಂಬ ಇರಲಿ. ನಮ್ಮ ಹೆಸರು ಓದೋ ಹಾಗಿರಬೇಕು. ಗೀಟುಗಳು ಬೇರೆ ಕೆಳಗೆ ಜೋತು ಬಿದ್ದಿವೆ."

"ನೋ ಪ್ರಾಬ್ಲಮ್ ಮೇಡಂ," ಅಂದರು ಏಜೆನ್ಸಿಯವರು. ಆಮೇಲೆ ನಮ್ಮ ಕಡೆ ತಿರುಗಿ, ಬೋರ್ಡನ್ನೇ ಉಲ್ಟಾ ನೇತುಹಾಕಿದರೆ ಕೆಳಗೆ ಸರಿಯಾಗಿ ಕಾಣುತ್ತದಲ್ಲ, ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವೇ ಅಂತ ನಮ್ಮನ್ನೇ ಕೇಳಿದರು. ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಕೇಳಲು ಅಷ್ಟು ಸರಿಯಾಗಿತ್ತು. ನೀವು ಓದುತ್ತಾ ತಲೆಯಾಡಿಸಿದ್ದರೆ ನಿಮ್ಮನ್ನೂ ಆ ಗುಂಪಿಗೆ ಸೇರಿಸಿಕೊಂಡೆ.

ಹುಡುಗರು ಏಣಿ ಹೊತ್ತು ಹದಿನೇಳು ಮೀಟರ್ ಓಡಿದರು. ಬೋರ್ಡ್ ಬಿಚ್ಚಿ, ತಲೆಕೆಳಗು ಮಾಡಿ, ಮತ್ತೆ ಕಟ್ಟಿ, ವೈರ್ ಜೋಡಿಸಿದರು. ಮಾನಿಟರ್ ನೋಡಿದೆವು. ಅಕ್ಷರಗಳು ನೆಟ್ಟಗೆ ನಿಂತಿದ್ದವು. ಆದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಆಂಬುಲೆನ್ಸಿನ ಮುಂದೆ ಬರೆದಿರುತ್ತದಲ್ಲ, ಥೇಟ್ ಅದೇ. ಅದಾದರೂ ಪರವಾಗಿಲ್ಲ. ಐದು ಗೀಟುಗಳೂ ದಿಕ್ಕು ಬದಲಿಸಿದ್ದವು. ಎಡದಲ್ಲಿ ಎತ್ತರದ ಗೀಟು, ಆಮೇಲೆ ಒಂದೊಂದೇ ಗಿಡ್ಡವಾಗುತ್ತಾ ಬಲದಲ್ಲಿ ತೀರ ಪುಟಾಣಿ. ಮಳೆಯಲ್ಲೂ ಸಿಗ್ನಲ್ ನಿಲ್ಲಲ್ಲ ಅನ್ನುವ ಜಾಹೀರಾತಿನ ಕೊನೆಯ ಶಾಟಿನಲ್ಲಿ ಸಿಗ್ನಲ್ ಕಣ್ಣೆದುರೇ ಇಳಿಯುತ್ತಿತ್ತು.

ಮೇಡಂ ಏನೂ ಮಾತಾಡಲಿಲ್ಲ. ಏಜೆನ್ಸಿಯವರು ಮೊದಲ ಬಾರಿ ನೋ ಪ್ರಾಬ್ಲಮ್ ಅನ್ನಲಿಲ್ಲ.

ಇದು ಯಾಕೆ ಹೀಗಾಯಿತು ಅಂತ ಅರ್ಧ ಗಂಟೆ ಚರ್ಚೆ ನಡೆಯಿತು. ಹೆಚ್ಚು ಓದಿದವರು ಹೆಚ್ಚು ಗೊಂದಲ ಮಾಡಿದರು. ಬಿಡಿಸಿ ಹೇಳಿದ್ದು ಆರ್ಟ್ ವಿಭಾಗದ ಒಬ್ಬ ಹುಡುಗ. ನನ್ನ ಸ್ಕ್ರಿಪ್ಟಿನ ಪ್ಲಾಸ್ಟಿಕ್ ಕವರ್ ಕಿತ್ತುಕೊಂಡು, ಅದರ ಮೇಲೆ ಮಾರ್ಕರಿನಿಂದ ಕಂಪನಿಯ ಹೆಸರು ಬರೆದು, ಗುಂಡಿಯ ಆಚೆ ಬದಿಯಲ್ಲಿ ಹಿಡಿದ. "ನೋಡಿ ಅಣ್ಣ, ನೀರು ಮೇಲಿನದನ್ನ ಕೆಳಗೆ ಮಾಡುತ್ತೆ ಅಷ್ಟೇ. ಎಡ ಬಲ ಮುಟ್ಟಲ್ಲ. ನಾವು ಬೋರ್ಡ್ ತಿರುಗಿಸಿದಾಗ ಎರಡೂ ಬದಲಾಯ್ತು. ನೀರು ಒಂದನ್ನ ಮಾತ್ರ ವಾಪಸ್ ಸರಿ ಮಾಡ್ತು. ಎಡ ಬಲ ಹಾಗೇ ಉಳೀತು." ಆಮೇಲೆ ಕವರನ್ನು ಉಲ್ಟಾ ಹಿಡಿದದ್ದಲ್ಲದೆ ಅದರ ಬೆನ್ನನ್ನು ನಮ್ಮ ಕಡೆಗೆ ಮಾಡಿದ. ನೀರಿನಲ್ಲಿ ಹೆಸರು ನೆಟ್ಟಗೆ, ನೇರವಾಗಿ, ಶಾಲೆಯ ಕರಿಹಲಗೆಯ ಮೇಲೆ ಬರೆದಷ್ಟು ಸರಿಯಾಗಿ ಕಂಡಿತು.

ಅಂದರೆ ಬೋರ್ಡನ್ನು ತಲೆಕೆಳಗು ಮಾಡಬೇಕು, ಜೊತೆಗೆ ಹಿಂದುಮುಂದೂ ಮಾಡಬೇಕು. ಅಕ್ರಿಲಿಕ್ ಪಾರದರ್ಶಕವಾಗಿತ್ತಲ್ಲ, ತಿರುಗಿಸಿದರೆ ಮುಗಿಯಿತು ಅಂತ ಖುಷಿಪಟ್ಟೆವು. ತಿರುಗಿಸಿದರು. ಹೆಸರು ಕಪ್ಪಾಯಿತು. ಈ ಎಲ್‌ಇಡಿ ಪಟ್ಟಿ ಮುಂದಕ್ಕೆ ಮಾತ್ರ ಬೆಳಕು ಚೆಲ್ಲುತ್ತದೆ, ಬೆನ್ನಿನಿಂದ ನೋಡಿದರೆ ಬರೀ ಕಪ್ಪು ಗೆರೆ. ಗಾಜಿನ ನಿಯಾನ್ ಆಗಿದ್ದರೆ ಎಲ್ಲ ಕಡೆಗೂ ಉರಿಯುತ್ತಿತ್ತು ಅಂತ ಕ್ಯಾಮೆರಾಮನ್ ನೆಲದಿಂದಲೇ ಹೇಳಿದರು. ಎಲೆಕ್ಟ್ರಿಷಿಯನ್, ನಾವೂ ಉರಿಯುತ್ತಿದ್ದೆವು ಅಂದರು. ಕೊನೆಗೆ ಪಟ್ಟಿಯನ್ನೆಲ್ಲ ಕಿತ್ತು, ಅದೇ ಗೆರೆಗಳ ಮೇಲೆ ಹಲಗೆಯ ಇನ್ನೊಂದು ಮುಖಕ್ಕೆ ಒಂದೊಂದೇ ಕ್ಲಿಪ್ಪಿನಲ್ಲಿ ಮತ್ತೆ ಕೂರಿಸಿದರು. ಈ ಕೆಲಸ ನಡೆಯುವಾಗಲೇ ಎಡಿಟರಿಗೆ ಫೋನ್ ಮಾಡಿದ ಯಾರೋ ಒಬ್ಬರು, ಆ ಗುಂಡಿಯ ಭಾಗವನ್ನು ಕಂಪ್ಯೂಟರಿನಲ್ಲೇ ಮಗುಚಬಹುದಂತೆ, ಹತ್ತು ನಿಮಿಷದ ಕೆಲಸವಂತೆ ಅಂದರು. ಏಣಿಯ ಮೇಲಿದ್ದವರು ಕೆಳಗೆ ನೋಡಿದ ರೀತಿಗೆ ಅವರು ಮತ್ತೆ ಆ ಮಾತು ಎತ್ತಲಿಲ್ಲ. ಅಲ್ಲದೆ ಹುಡುಗಿಯ ಶೂ ಅದೇ ಗುಂಡಿಯೊಳಗೆ ಕಾಲಿಡಬೇಕಿತ್ತು. ನೀರನ್ನು ಮಗುಚಿದರೆ ಶೂ ಬಿಂಬವೂ ಮಗುಚುತ್ತದೆ. ಎಲ್ಲವನ್ನೂ ಬೇರೆ ಬೇರೆ ಕತ್ತರಿಸಿ ಜೋಡಿಸುವುದು ಹತ್ತು ನಿಮಿಷದ ಮಾತಲ್ಲ.

ಅಷ್ಟರಲ್ಲಿ ನಿರ್ದೇಶಕರು ಖಾಲಿ ಕೂರುವುದು ಬೇಡ ಅಂತ ಹುಡುಗಿಯ ಫೋನಿನ ಕ್ಲೋಸಪ್ ತೆಗೆಯಲು ಹೊರಟರು. ಸಾಮಾನ್ಯವಾಗಿ ಇಂಥ ಶಾಟಿನಲ್ಲಿ ಫೋನಿನ ಪರದೆ ಮೇಲೆ ಏನೂ ನಡೆಯುವುದಿಲ್ಲ, ಚಿತ್ರವನ್ನು ಆಮೇಲೆ ಅಂಟಿಸುತ್ತಾರೆ. ಇವರಿಗೆ ಎಲ್ಲ ನಿಜವಾಗಿ ಬೇಕಿತ್ತು. ಏಜೆನ್ಸಿಯವರ ಫೋನನ್ನೇ ತೆಗೆದುಕೊಂಡು ಮಳೆ ಬಿಟ್ಟರು. ಟಚ್ ಸ್ಕ್ರೀನ್ ಬೆರಳನ್ನು ಗುರುತಿಸುವುದು ಅದು ಮುಟ್ಟಿದ ಕಡೆ ವಿದ್ಯುತ್ ಕ್ಷೇತ್ರ ಬದಲಾಗುವುದರಿಂದ. ನೀರು ಬಿದ್ದರೂ ಅದು ಬದಲಾಗುತ್ತದೆ. ಹೀಗಾಗಿ ದಪ್ಪ ಹನಿಗಳು ತಮಗೆ ತೋಚಿದ್ದನ್ನು ಒತ್ತತೊಡಗಿದವು. ಫೋಟೋಗಳು ಹಿಂದೆ ಮುಂದೆ ಸರಿದವು, ಅಲಾರಂ ಒಂದು ಸೆಟ್ ಆಯಿತು, ಕೊನೆಗೆ ಏಜೆನ್ಸಿಯ ದೊಡ್ಡ ಸಾಹೇಬರಿಗೆ ವಿಡಿಯೋ ಕಾಲ್ ಹೋಯಿತು. ರಾತ್ರಿ ಎರಡೂವರೆ. ಅವರು ಎದ್ದು ನೋಡಿದಾಗ ಗುರುತಿಲ್ಲದ ಹುಡುಗಿಯೊಬ್ಬಳು ಮಳೆಯಲ್ಲಿ ನಿಂತು "ಅಮ್ಮಾ, ಊಟ ಆಯ್ತಾ?" ಅಂತ ಕೇಳುತ್ತಿದ್ದಳು. ಮಳೆಯಲ್ಲೂ ಮಾತು ನಿಲ್ಲಲ್ಲ ಅನ್ನುವುದು ಅವತ್ತು ಸಾಬೀತಾದದ್ದು ಅದೊಂದೇ ಸಲ. ಅದನ್ನು ಯಾರೂ ಚಿತ್ರೀಕರಿಸಿಕೊಳ್ಳಲಿಲ್ಲ.

ಬೋರ್ಡ್ ಸಿದ್ಧವಾಯಿತು. ಗುಂಡಿಯಲ್ಲಿ ಹೆಸರು ನೆಟ್ಟಗೆ ಬಂತು, ಗೀಟುಗಳು ಗಿಡ್ಡದಿಂದ ಉದ್ದಕ್ಕೆ ಏರಿದವು. "ಮಳೆ ಬಿಡಿ!" ಅಂದರು ನಿರ್ದೇಶಕರು. ಮಳೆ ಬಿಟ್ಟೆವು. ಹೆಸರು ಚೂರುಚೂರಾಗಿ ಹೋಯಿತು.

ಇದು ಈ ಇಡೀ ವ್ಯವಹಾರದ ಮೂಲ ತಗಾದೆ. ಮಳೆಯೂ ಬೇಕು, ನೀರಿನಲ್ಲಿ ಅಕ್ಷರವೂ ಬೇಕು ಅಂದರೆ ಆಗುವುದಿಲ್ಲ. ಒಂದೊಂದು ಹನಿಯೂ ಉಂಗುರ ಎಬ್ಬಿಸಿ ಕನ್ನಡಿಯನ್ನು ಕಲಕುತ್ತದೆ. ಇದಕ್ಕಿರುವ ದಾರಿ ಮೋಸದ್ದು. ಹಿಂದೆ ದೂರದಲ್ಲಿ ಮಳೆ ಸುರಿಯಬೇಕು, ಗುಂಡಿಯ ಮೇಲೆ ಸುರಿಯಬಾರದು. ಇಬ್ಬರು ಹುಡುಗರು ಫ್ರೇಮಿನ ಹೊರಗೆ ನಿಂತು ಗುಂಡಿಯ ಮೇಲೆ ಟಾರ್ಪಾಲು ಹಿಡಿದರು. ಮಳೆ ಬರಿಸಲು ಟ್ಯಾಂಕರ್ ತರಿಸಿದವರೇ ಗುಂಡಿ ನೆನೆಯದಿರಲಿ ಅಂತ ಅದಕ್ಕೆ ಚಪ್ಪರ ಹಾಕಿದ್ದೆವು. ಆ ದಾರಿಹೋಕರು ಆಗಲೂ ಅಲ್ಲೇ ಇದ್ದಿದ್ದರೆ ಏನನ್ನುತ್ತಿದ್ದರೋ.

ಆದರೆ ನೀರು ಪೂರ್ತಿ ನಿಂತರೆ ಅದು ನೀರೇ ಅಂತ ಗೊತ್ತಾಗುವುದಿಲ್ಲ, ಗಾಜಿನ ಹಾಗೆ ಕಾಣುತ್ತದೆ. ಅದಕ್ಕೆ ಆ ಆರ್ಟ್ ಹುಡುಗ ಬೋರಲು ಮಲಗಿ ಸಿರಿಂಜಿನಿಂದ ಒಂದೊಂದೇ ಹನಿ ಬಿಟ್ಟ. ಉಂಗುರ ಹರಡುತ್ತದೆ, ಹೆಸರು ಅಲುಗುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ನಿಜಕ್ಕೂ ಮೈ ಜುಮ್ಮೆನ್ನುವ ಶಾಟ್. ಮೇಡಂ ಕೂಡ ಒಪ್ಪಿದರು, ಒಂದು ಷರತ್ತಿನ ಮೇಲೆ. ಒಂದು ಹನಿ ಸಾಕಂತೆ. ಎರಡು ಹನಿ ಬಿದ್ದರೆ ಬ್ರ್ಯಾಂಡ್ ನಡುಗಿದ ಹಾಗೆ ಕಾಣುತ್ತದಂತೆ. ಬೆಳಗಿನ ಜಾವ, ಆಕಾಶ ನೀಲಿಯಾಗಿ ಆ ಬೆಳಕೂ ಗುಂಡಿಗೆ ಇಳಿಯುವ ಮುಂಚೆ, ಒಂದೇ ಹನಿಯ ಟೇಕ್ ಓಕೆ ಆಯಿತು. ಕ್ಯಾಮೆರಾಮನ್ನರನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು.

ಜಾಹೀರಾತು ಬಂತು. ಇಪ್ಪತ್ತು ಸೆಕೆಂಡಿನಲ್ಲಿ ಗುಂಡಿಗೆ ಸಿಕ್ಕಿದ್ದು ಒಂದೂವರೆ ಸೆಕೆಂಡ್. ಅಷ್ಟಾದರೂ ಸಿಕ್ಕಿತಲ್ಲ ಅಂತ ನೋಡುತ್ತಿದ್ದೆ. ಕೊನೆಯ ಶಾಟ್ ಬಂದ ಕೂಡಲೇ ಫ್ರೇಮಿನ ಕೆಳಭಾಗದಲ್ಲಿ ಸಣ್ಣ ಅಕ್ಷರದ ಮೂರು ಸಾಲುಗಳು ಎದ್ದವು. ನೆಟ್‌ವರ್ಕ್ ಲಭ್ಯತೆ ಸ್ಥಳಕ್ಕೆ ತಕ್ಕಂತೆ ಬದಲಾಗಬಹುದು, ದೃಶ್ಯಗಳು ಕಾಲ್ಪನಿಕ, ಷರತ್ತುಗಳು ಅನ್ವಯ. ಅಷ್ಟೂ ಗುಂಡಿಯ ಮೇಲೆಯೇ. ಅವು ಓದಲು ಸಿಗಲಿ ಅಂತ ಹಿಂದೆ ಒಂದು ಕಪ್ಪು ಪಟ್ಟಿಯನ್ನೂ ಹಾಕಿದ್ದರು. ಫೋನಿಗೆ ಅಂತ ಉದ್ದಕ್ಕೆ ಕತ್ತರಿಸಿದ ಇನ್ನೊಂದು ಆವೃತ್ತಿಯಲ್ಲಿ ಉಳಿದ ಜಾಗಕ್ಕೆ ಲೈಕ್, ಶೇರ್ ಗುಂಡಿಗಳು ಬಂದು ಕೂತಿದ್ದವು.

ಸಂಜೆ ಆರ್ಟ್ ಹುಡುಗನ ಫೋನ್ ಬಂತು.

"ಅಣ್ಣ, ಮನೆಯವರಿಗೆಲ್ಲ ತೋರಿಸ್ದೆ. ನಾನು ಬಿಟ್ಟ ಹನಿ ಎಲ್ಲಿದೆ?"

"ಷರತ್ತುಗಳ ಕೆಳಗಿದೆ ಕಣೋ."

"ಎಷ್ಟನೇ ಸಾಲು?"

ನಾನು ಮತ್ತೆ ಹಾಕಿ ನೋಡಿದೆ. ಎರಡನೆಯದು.